ಆ್ಯಪ್ ಐಕಾನ್‌ನ ಫ್ಲ್ಯಾಟ್ ಮತ್ತು ಗ್ರೇಡಿಯಂಟ್ ರೂಪ: ಡಿಸೈನರ್ ಹತ್ತಿರ ಸರಿಯಾಗಿ ಕೇಳಿ ಪಡೆಯುವ ಕ್ರಮ

"ಐಕಾನ್ ಫ್ಲ್ಯಾಟ್ ಒಂದು, ಗ್ರೇಡಿಯಂಟ್ ಒಂದು ಮಾಡಿ ಕಳಿಸಿ." ಸಣ್ಣ ಸ್ಟಾರ್ಟಪ್‌ಗಳಿಂದ ಡಿಸೈನರ್‌ಗೆ ಹೋಗುವ ಮೆಸೇಜ್ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಒಂದು ವಾರ ಬಿಟ್ಟು ಎರಡು ಚಿತ್ರ ಬರುತ್ತವೆ. ಒಂದರಲ್ಲಿ ಗುರುತು ದಪ್ಪ, ಇನ್ನೊಂದರಲ್ಲಿ ತೆಳು. ಒಂದಕ್ಕೆ ನೆರಳಿದೆ, ಒಂದಕ್ಕಿಲ್ಲ. ಎರಡೂ ಒಂದೇ ಆ್ಯಪ್‌ನದ್ದು ಅಂತ ಯಾರಿಗೂ ಅನ್ನಿಸುವುದಿಲ್ಲ. ಅಲ್ಲಿಂದ ತಿದ್ದುಪಡಿಗಳು ಶುರುವಾಗಿ ತಿಂಗಳು ಕಳೆದುಹೋಗುತ್ತದೆ.

ಇಲ್ಲಿ ಹೆಚ್ಚಿನ ಸಲ ತಪ್ಪು ಕೇಳಿದ ರೀತಿಯದ್ದು. "ವೇರಿಯಂಟ್" ಅಂದಾಗ ಡಿಸೈನರ್ ಬೇರೆ ಬೇರೆ ಐಡಿಯಾ ಅಂದುಕೊಳ್ಳುತ್ತಾರೆ. ನಮಗೆ ಬೇಕಾಗಿರುವುದು ಒಂದೇ ಆಕಾರ, ಅದಕ್ಕೆ ಎರಡು ಬಗೆಯ ಲೇಪ: ಏರಿಳಿತ ಇಲ್ಲದ ಬಣ್ಣದ ಫ್ಲ್ಯಾಟ್, ಒಂದು ಬಣ್ಣ ನಿಧಾನವಾಗಿ ಇನ್ನೊಂದಕ್ಕೆ ತಿರುಗುವ ಗ್ರೇಡಿಯಂಟ್. ಈ ಒಂದು ಮಾತು ಮೊದಲೇ ಗಟ್ಟಿಯಾದರೆ ಮುಂದಿನ ಹಂತಗಳು ಸಲೀಸು.

ಓದಲು ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರು ಜನರ ತಂಡ. ಮನೆಮನೆಗೆ ಹಾಲು ಹಾಕುವವರು ತಿಂಗಳ ಲೆಕ್ಕ ಬರೆದಿಡುವ ಆ್ಯಪ್ ಮಾಡುತ್ತಿದ್ದಾರೆ. ಐಕಾನ್‌ನಲ್ಲಿ ಒಂದು ಹಾಲಿನ ಹನಿ, ಅದರೊಳಗೆ ಒಂದು ಟಿಕ್ ಮಾರ್ಕ್. ಹಿನ್ನೆಲೆ ಹಸಿರು.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ನಿಮ್ಮ ಬ್ರ್ಯಾಂಡ್ ಬಣ್ಣದ ಹೆಕ್ಸ್ ಕೋಡ್, ಅಂದರೆ `#0B6E4F` ಥರದ ಬಣ್ಣದ ಗುರುತು ಸಂಖ್ಯೆ ಬೇಕು. "ಸ್ವಲ್ಪ ಗಾಢ ಹಸಿರು" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಹಸಿರು. ಒಂದು ಆಂಡ್ರಾಯ್ಡ್ ಫೋನ್ ಬೇಕು, ಆದಷ್ಟು ಅಗ್ಗದ್ದು. ನಿಮ್ಮ ಗ್ರಾಹಕರ ಕೈಯಲ್ಲಿ ಇರುವುದು ಅದೇ ಅಲ್ವಾ. ಬಣ್ಣಗಳ ಕಾಂಟ್ರಾಸ್ಟ್, ಅಂದರೆ ಒಂದರ ಮೇಲೆ ಇನ್ನೊಂದು ಎಷ್ಟು ಎದ್ದು ಕಾಣುತ್ತದೆ ಅನ್ನುವುದನ್ನು ಲೆಕ್ಕ ಹಾಕುವ ಯಾವುದಾದರೂ ಉಚಿತ ವೆಬ್‌ಸೈಟ್ ಇರಲಿ. ಐಫೋನ್‌ಗೂ ಆ್ಯಪ್ ಬಿಡುವುದಾದರೆ ಒಂದು ಐಫೋನ್ ಎರವಲು ಸಿಗುವಂತೆ ನೋಡಿಕೊಳ್ಳಿ.

## ಹಂತ 1: ಮೊದಲು ಆಕಾರ, ಅದೂ ಬರೀ ಕಪ್ಪಿನಲ್ಲಿ

ಬಣ್ಣದ ಮಾತು ಎತ್ತುವ ಮೊದಲು ಆಕಾರವನ್ನು ಕಪ್ಪು ಬಿಳುಪಿನಲ್ಲಿ ಕೇಳಿ. ಬಿಳಿ ಹಾಳೆಯ ಮೇಲೆ ಒಂದೇ ಕಪ್ಪು. ಬೂದು ಬಣ್ಣವೂ ಬೇಡ. ಅದನ್ನು 48 ಪಿಕ್ಸೆಲ್‌ಗೆ ಇಳಿಸಿ ನೋಡಿ. ಹನಿ ಹನಿಯಾಗಿಯೇ ಕಾಣುತ್ತದಾ? ಟಿಕ್ ಮಾರ್ಕ್ ಉಳಿದಿದೆಯಾ? ಇಲ್ಲದಿದ್ದರೆ ಯಾವ ಗ್ರೇಡಿಯಂಟ್ ಕೂಡ ಅದನ್ನು ಕಾಪಾಡುವುದಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಇದೆ, ಮುಂದೆ ತುಂಬ ಕೆಲಸಕ್ಕೆ ಬರುತ್ತದೆ. ಟಿಕ್ ಮಾರ್ಕ್ ಅನ್ನು ಹನಿಯ ಮೇಲೆ ಹಸಿರು ಬಣ್ಣದಲ್ಲಿ ಬಳಿಯಬಾರದು. ಹನಿಯಲ್ಲಿ ಕೊರೆದ ತೂತಾಗಿರಬೇಕು. ಆಂಡ್ರಾಯ್ಡ್ 5.0 ರಿಂದ ಈಚೆಗೆ ನೋಟಿಫಿಕೇಷನ್ ಪಟ್ಟಿಯಲ್ಲಿ ಬರುವ ಪುಟ್ಟ ಐಕಾನ್‌ನ ಬಣ್ಣವನ್ನು ಫೋನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲಿ ಬಣ್ಣ ಇದೆ, ಎಲ್ಲಿ ಖಾಲಿ ಇದೆ ಅಂತ ಮಾತ್ರ ನೋಡುತ್ತದೆ. ಬಳಿದ ಟಿಕ್ ಆದರೆ ಅದೂ "ಬಣ್ಣ ಇರುವ ಜಾಗ" ಆಗುತ್ತದೆ. ಆಗ ಉಳಿಯುವುದು ಬರೀ ಒಂದು ಹನಿ, ಟಿಕ್ ಮಾಯ. ತೂತಾಗಿದ್ದರೆ ಎಲ್ಲ ರೂಪಗಳಲ್ಲೂ ಟಿಕ್ ಉಳಿಯುತ್ತದೆ. ಗ್ರೇಡಿಯಂಟ್ ರೂಪದಲ್ಲಿ ಹಿಂದಿನ ಬಣ್ಣ ಆ ತೂತಿನಿಂದ ತಾನಾಗೇ ಕಾಣುತ್ತದೆ.

ಆಕಾರ ಒಪ್ಪಿಗೆಯಾದ ಮೇಲೆ "ಇದು ಫೈನಲ್, ಇನ್ನು ಗೆರೆ ಬದಲಾಗುವುದಿಲ್ಲ" ಅಂತ ಬರಹದಲ್ಲಿ ಕಳಿಸಿ. ಇದು ನಿಮಗೂ ಕಟ್ಟುಪಾಡು, ಅವರಿಗೂ ಕಟ್ಟುಪಾಡು.

## ಹಂತ 2: "ಫ್ಲ್ಯಾಟ್" ಅಂದರೆ ಏನು ಅಂತ ಬಿಡಿಸಿ ಹೇಳುವುದು

ಫ್ಲ್ಯಾಟ್ ಅನ್ನುವ ಪದಕ್ಕೆ ಎರಡು ಅರ್ಥ ಓಡಾಡುತ್ತಿವೆ. ಕೆಲವರಿಗೆ ಅದು ಒಂದೇ ಬಣ್ಣದ ಗುರುತು. ಕೆಲವರಿಗೆ ನೆರಳು, ಹೊಳಪು, ಬಣ್ಣದ ಏರಿಳಿತ ಇಲ್ಲದ, ಆದರೆ ಎರಡು ಮೂರು ಬಣ್ಣ ಇರುವ ಚಿತ್ರ. ಎರಡೂ ನಿಮಗೆ ಬೇಕು. ಆದ್ದರಿಂದ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಕೇಳಿ.

ನಮ್ಮ ಉದಾಹರಣೆಯಲ್ಲಿ ಮೊದಲನೆಯದು "ಫ್ಲ್ಯಾಟ್ ಬಣ್ಣ". ಹಿನ್ನೆಲೆ `#0B6E4F`, ಹನಿ `#FFFFFF`. ಒಟ್ಟು ಎರಡೇ ಬಣ್ಣ, ಮೂರನೆಯದು ಬೇಡ. ಎರಡನೆಯದು "ಒಂದೇ ಬಣ್ಣ". ಇದರಲ್ಲಿ ಹಿನ್ನೆಲೆ ಇಲ್ಲ, ಹನಿಯ ಆಕಾರ ಮಾತ್ರ, ಅದೂ ಕಪ್ಪಿನಲ್ಲಿ. ನೋಟಿಫಿಕೇಷನ್‌ಗೆ, ಬಿಲ್ ಪುಸ್ತಕಕ್ಕೆ, ರಬ್ಬರ್ ಸ್ಟಾಂಪ್‌ಗೆ, ಟೀ ಶರ್ಟ್ ಮೇಲೆ ಸ್ಕ್ರೀನ್ ಪ್ರಿಂಟ್‌ಗೆ ಇದೇ ಹೋಗುತ್ತದೆ. ಆಂಡ್ರಾಯ್ಡ್ 13 ರಿಂದ ಬಂದಿರುವ ಥೀಮ್ ಐಕಾನ್‌ಗೂ ಇದೇ ಆಧಾರ. ಬಳಕೆದಾರರು ವಾಲ್‌ಪೇಪರ್‌ಗೆ ಹೊಂದುವ ಐಕಾನ್ ಆರಿಸಿದಾಗ ಫೋನ್ ಈ ಒಂದೇ ಬಣ್ಣದ ಆಕಾರಕ್ಕೆ ತನ್ನದೇ ಬಣ್ಣ ಹಚ್ಚುತ್ತದೆ.

ಲೋಗೋವನ್ನು ಟ್ರೇಡ್‌ಮಾರ್ಕ್ ಮಾಡಿಸುವ ಯೋಚನೆ ಇದ್ದರೂ ಈ ಕಪ್ಪು ರೂಪ ಇಟ್ಟುಕೊಳ್ಳಿ. ಬಣ್ಣದ ಮಿತಿ ಹಾಕದೆ ನೋಂದಾಯಿಸಿದ ಗುರುತು ಎಲ್ಲ ಬಣ್ಣಗಳಿಗೂ ನೋಂದಾಯಿಸಿದಂತೆ ಅಂತ 1999 ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 10 ನೇ ಸೆಕ್ಷನ್ ಹೇಳುತ್ತದೆ. ನಾಳೆ ಹಸಿರು ಹೋಗಿ ನೀಲಿ ಬಂದರೂ ನೋಂದಣಿ ಹಾಗೇ ಉಳಿಯುತ್ತದೆ.

## ಹಂತ 3: ಗ್ರೇಡಿಯಂಟ್‌ಗೆ ನಾಲ್ಕು ವಿವರ ಕೊಡುವುದು

ಅತಿ ಹೆಚ್ಚು ಕೆಡುವುದು ಇಲ್ಲಿ. "ಚೆನ್ನಾಗಿರುವ ಗ್ರೇಡಿಯಂಟ್" ಅಂತ ಕೇಳಬೇಡಿ. ಎಲ್ಲಿ, ಯಾವ ದಿಕ್ಕಿಗೆ, ಯಾವ ಬಣ್ಣದಿಂದ ಯಾವ ಬಣ್ಣಕ್ಕೆ, ಎಂಥದ್ದು, ಈ ನಾಲ್ಕನ್ನೂ ಹೇಳಿ.

ಎಲ್ಲಿ. ಹಿನ್ನೆಲೆಗೆ ಮಾತ್ರ, ಹನಿಗೆ ಬೇಡ. ಎರಡಕ್ಕೂ ಗ್ರೇಡಿಯಂಟ್ ಹಾಕಿದರೆ ಸಣ್ಣ ಅಳತೆಯಲ್ಲಿ ಅಂಚು ಕಲಸಿಹೋಗುತ್ತದೆ. ಗುರುತಿನಲ್ಲೇ ಗ್ರೇಡಿಯಂಟ್ ಇರುವ ಒಳ್ಳೆಯ ಐಕಾನ್‌ಗಳೂ ಇವೆ, ಇಲ್ಲ ಅನ್ನುತ್ತಿಲ್ಲ. ಆದರೆ ಅಲ್ಲಿ ಹಿನ್ನೆಲೆ ಪೂರ್ತಿ ಬಿಳಿ ಅಥವಾ ಪೂರ್ತಿ ಕಪ್ಪು ಇರಬೇಕು. ಮೊದಲ ಸಲ ಮಾಡಿಸುವವರಿಗೆ ಹಿನ್ನೆಲೆಯ ದಾರಿಯೇ ಸುರಕ್ಷಿತ.

ದಿಕ್ಕು. ಮೇಲಿಂದ ಕೆಳಗೆ, ಮೇಲೆ ತಿಳಿ, ಕೆಳಗೆ ಗಾಢ. ಬೆಳಕು ಮೇಲಿಂದ ಬೀಳುವುದು ನಮ್ಮ ಕಣ್ಣಿಗೆ ಅಭ್ಯಾಸ. ಓರೆಯಾಗಿ ಬೇಕಿದ್ದರೆ ಡಿಗ್ರಿ ಹೇಳಿ.

ಬಣ್ಣಗಳು. ಇಲ್ಲಿ ಎರಡು ಪರೀಕ್ಷೆ ಇದೆ. ಮೊದಲನೆಯದು ನಡುವಿನ ಬಣ್ಣ. ನಮ್ಮ ತಂಡಕ್ಕೆ ಮೊದಲು ಹಸಿರಿನಿಂದ ಕಿತ್ತಳೆಗೆ ಹೋಗುವ ಆಸೆ ಇತ್ತು ಅಂದುಕೊಳ್ಳಿ, `#0B6E4F` ನಿಂದ `#F28C28` ಗೆ. ಎರಡೂ ಚಂದದ ಬಣ್ಣಗಳೇ. ಆದರೆ ನಡುವೆ ಬರುವುದು ಸುಮಾರು `#7F7D3C`. ಇದನ್ನು ತೆರೆದು ನೋಡಿ. ಮಾಸಿದ ಪಾಚಿ ಬಣ್ಣ. ಐಕಾನ್‌ನ ನಡು ಭಾಗದಲ್ಲಿ, ಹನಿಯ ಹಿಂದೆಯೇ, ಅದು ಕೂರುತ್ತದೆ. ಬಣ್ಣಚಕ್ರದಲ್ಲಿ ದೂರ ಇರುವ ಎರಡು ಬಣ್ಣ ಸೇರಿದಾಗಲೆಲ್ಲ ಹೀಗೆ ಮಂಕು ಕವಿಯುತ್ತದೆ. ಹಾಗೇ ಬೇಕು ಅಂದರೆ ನಡುವೆ ಮೂರನೆಯ ಬಣ್ಣವೊಂದನ್ನು, ಇಲ್ಲಿ ಹಳದಿಯನ್ನು, ಇಡಲು ಹೇಳಬೇಕು. ಅದಕ್ಕಿಂತ ಒಂದೇ ಬಣ್ಣದ ತಿಳಿ ಮತ್ತು ಗಾಢ ರೂಪ ಆರಿಸಿಕೊಳ್ಳುವುದು ಸುಲಭ.

ಎರಡನೆಯ ಪರೀಕ್ಷೆ ತಿಳಿ ತುದಿಯದ್ದು. ಬಿಳಿ ಹನಿ `#0B6E4F` ಮೇಲೆ ಚೆನ್ನಾಗಿ ಕಾಣುತ್ತದೆ, ಕಾಂಟ್ರಾಸ್ಟ್ ಸುಮಾರು 6.2 ಕ್ಕೆ 1. ಮೇಲಿನ ತುದಿಗೆ ತಿಳಿ ಪುದೀನ ಬಣ್ಣ `#7BE0AD` ಹಾಕಿದರೆ ಕಂಪ್ಯೂಟರ್ ಮೇಲೆ ಸೊಗಸಾಗಿರುತ್ತದೆ. ಆದರೆ ಅಲ್ಲಿ ಬಿಳಿಯ ಕಾಂಟ್ರಾಸ್ಟ್ ಬರೀ 1.6. ಬಿಸಿಲಿನಲ್ಲಿ ಹಾಲಿನ ಗಾಡಿ ನಿಲ್ಲಿಸಿ ಫೋನ್ ನೋಡುವವರಿಗೆ ಹನಿಯ ತುದಿಯೇ ಕಾಣುವುದಿಲ್ಲ. ಚಿತ್ರಗುರುತುಗಳಿಗೆ ಕನಿಷ್ಠ 3 ಇರಲಿ ಅನ್ನುವುದು, ವೆಬ್‌ಸೈಟ್‌ಗಳನ್ನು ಎಲ್ಲರೂ ಬಳಸುವಂತಿರಲಿ ಅಂತ ಮಾಡಿದ ಡಬ್ಲ್ಯೂಸಿಎಜಿ ಮಾರ್ಗಸೂಚಿಯಲ್ಲಿ ಇರುವ ಅಳತೆ. ಐಕಾನ್‌ಗೂ ಅದೇ ಹಿಡಿಯಬಹುದು. `#2FA36B` ಇಟ್ಟರೆ 3.2 ಬರುತ್ತದೆ. ಹಾಗಾಗಿ ನಮ್ಮ ತೀರ್ಮಾನ: ಮೇಲೆ `#2FA36B`, ಕೆಳಗೆ `#0B6E4F`. ಕೆಳಗಿನದು ಫ್ಲ್ಯಾಟ್ ರೂಪದ ಬಣ್ಣವೇ ಆಗಿರುವುದರಿಂದ ಎರಡು ಐಕಾನ್‌ಗಳ ನಂಟು ಉಳಿಯುತ್ತದೆ.

ಎಂಥದ್ದು. ನೇರ ಗ್ರೇಡಿಯಂಟ್ ಅಥವಾ ನಡುವಿನಿಂದ ಹರಡುವ ವೃತ್ತದ ಗ್ರೇಡಿಯಂಟ್, ಎರಡರಲ್ಲಿ ಒಂದು. ಎಷ್ಟು ದೊಡ್ಡದು ಮಾಡಿದರೂ ಒಡೆಯದ ಎಸ್‌ವಿಜಿ ಫೈಲ್‌ಗೆ ಚೆನ್ನಾಗಿ ಗೊತ್ತಿರುವುದು ಇವೆರಡೇ. ಹಲವು ಬಣ್ಣಗಳು ಅಲ್ಲಲ್ಲಿ ಬೆರೆಯುವ ಮೆಶ್ ಗ್ರೇಡಿಯಂಟ್ ಮಾಡಿದರೆ ಎಕ್ಸ್‌ಪೋರ್ಟ್ ಆಗುವಾಗ ಅದು ಫೋಟೊ ತುಣುಕಾಗಿ ಫೈಲ್ ಒಳಗೆ ಕೂರುತ್ತದೆ. ಆಮೇಲೆ ದೊಡ್ಡದು ಮಾಡಿದರೆ ಒಡೆದು ಕಾಣುತ್ತದೆ, ಬಣ್ಣ ಬದಲಿಸಲೂ ಆಗುವುದಿಲ್ಲ.

ಇನ್ನೊಂದು ಮಾತು. ಹೊಳಪು, ಗಾಜಿನ ಮಿಂಚು, ಹೊರ ನೆರಳು ಇವನ್ನು ಐಕಾನ್ ಒಳಗೇ ಬಿಡಿಸಬೇಡಿ ಅಂತ ಸ್ಪಷ್ಟವಾಗಿ ಹೇಳಿ. ಪ್ಲೇ ಸ್ಟೋರ್ ನೆರಳನ್ನು ತಾನೇ ಹಾಕುತ್ತದೆ. ಐಒಎಸ್ 26 ಬಂದ ಮೇಲೆ ಗಾಜಿನಂಥ ಹೊಳಪನ್ನೂ ಐಫೋನ್ ತಾನೇ ಕೊಡುತ್ತದೆ. ನಿಮ್ಮದೂ ಸೇರಿದರೆ ಎರಡೆರಡು ಹೊಳಪು.

## ಹಂತ 4: ಲೇಯರ್ ಮತ್ತು ಅಳತೆ

ಹನಿ ಮತ್ತು ಹಿನ್ನೆಲೆ ಎರಡು ಬೇರೆ ಫೈಲ್ ಆಗಿ ಬರಬೇಕು. ಆಂಡ್ರಾಯ್ಡ್ 8.0 ರಿಂದ ಐಕಾನ್ ಅಂದರೆ ಎರಡು ಪದರ. ಪ್ರತಿ ಪದರ 108 ಡಿಪಿ ಚೌಕ, ಡಿಪಿ ಅನ್ನುವುದು ಆಂಡ್ರಾಯ್ಡ್ ಪರದೆಯ ಅಳತೆ. ಫೋನ್ ಕಂಪನಿ ತನಗೆ ಬೇಕಾದಂತೆ ಅದನ್ನು ಗುಂಡಗೋ ಚೌಕವಾಗೋ ಕತ್ತರಿಸಿ ತೋರಿಸುತ್ತದೆ. ಕಣ್ಣಿಗೆ ಕಾಣುವುದು ನಡುವಿನ 72 ಡಿಪಿ ಒಳಗೆ ಮಾತ್ರ. ಹೇಗೆ ಕತ್ತರಿಸಿದರೂ ಉಳಿಯುವುದು ನಡುವಿನ 66 ಡಿಪಿ ವೃತ್ತ. ಹನಿ ಅದರೊಳಗೆ ಇರಬೇಕು. ಡಿಸೈನರ್‌ಗೆ ಪಿಕ್ಸೆಲ್‌ನಲ್ಲಿ ಹೇಳುವುದಾದರೆ, ಒಂದು ಡಿಪಿಗೆ 4 ಪಿಕ್ಸೆಲ್ ಲೆಕ್ಕದಲ್ಲಿ, ಹಾಳೆ 432, ಕಾಣುವ ಭಾಗ 288, ಹನಿಗೆ ಜಾಗ 264.

ಈ ಲೆಕ್ಕ ಗ್ರೇಡಿಯಂಟ್‌ಗೂ ತಾಗುತ್ತದೆ. ಅನುಭವ ಇರುವ ಡಿಸೈನರ್‌ಗಳೂ ಇಲ್ಲಿ ಎಡವುವುದನ್ನು ನೋಡಿದ್ದೇನೆ. ಬಣ್ಣವನ್ನು 432 ಪಿಕ್ಸೆಲ್ ಪೂರ್ತಿ ಹರಡಿದರೆ ಎರಡೂ ತುದಿಗಳು ಕತ್ತರಿಯಾಚೆ ಹೋಗುತ್ತವೆ. ಫೋನ್‌ನಲ್ಲಿ ಕಾಣುವುದು ನಡುವಿನ ಮೂರರಲ್ಲಿ ಎರಡು ಭಾಗ ಮಾತ್ರ. ನಮ್ಮ ಉದಾಹರಣೆಯಲ್ಲಿ `#2FA36B` ಬದಲು ಸುಮಾರು `#299A66` ನಿಂದ ಶುರುವಾಗಿ `#117754` ಗೆ ಮುಗಿಯುತ್ತದೆ. ಪ್ಲೇ ಸ್ಟೋರ್ ಚಿತ್ರದಲ್ಲಿ ಪೂರ್ತಿ ಏರಿಳಿತ ಇರುತ್ತದೆ, ಫೋನ್ ಪರದೆ ಮೇಲೆ ಸಪ್ಪೆ. "ಎರಡೂ ಯಾಕೆ ಬೇರೆ ಬೇರೆ ಇವೆ" ಅನ್ನುವ ಜಗಳಕ್ಕೆ ಕಾರಣ ಇದೇ. ಪರಿಹಾರ ಸುಲಭ. ಆಂಡ್ರಾಯ್ಡ್ ಹಿನ್ನೆಲೆಯಲ್ಲಿ ಮೇಲಿನ ಬಣ್ಣ 72 ನೇ ಪಿಕ್ಸೆಲ್‌ನಲ್ಲಿ ಶುರುವಾಗಲಿ, ಕೆಳಗಿನದು 360 ನೇ ಪಿಕ್ಸೆಲ್‌ನಲ್ಲಿ ಮುಗಿಯಲಿ. ಅದರಾಚೆ ಅದೇ ಬಣ್ಣ ಮುಂದುವರಿಯಲಿ.

ಸ್ಟೋರ್‌ಗಳಿಗೆ ಹೋಗುವ ಚಿತ್ರಗಳು ಬೇರೆ. ಪ್ಲೇ ಸ್ಟೋರ್‌ಗೆ 512 ಪಿಕ್ಸೆಲ್ ಚೌಕದ ಪಿಎನ್‌ಜಿ, 1024 ಕೆಬಿ ಮೀರಬಾರದು. ಆ್ಯಪ್ ಸ್ಟೋರ್‌ಗೆ 1024 ಪಿಕ್ಸೆಲ್ ಚೌಕ, ಪಾರದರ್ಶಕತೆ ಇರಲೇಬಾರದು. ಎರಡಕ್ಕೂ ಮೂಲೆಗಳು ಚೂಪಾಗಿಯೇ ಇರಲಿ. ಮೂಲೆ ದುಂಡಗೆ ಮಾಡುವುದು ಸ್ಟೋರ್‌ನ ಕೆಲಸ.

## ಹಂತ 5: ಕೋರಿಕೆ ಬರೆಯುವುದು

ಇಷ್ಟನ್ನೂ ಒಂದೇ ಮೆಸೇಜ್‌ನಲ್ಲಿ ಹಾಕಿ. ತುಂಡು ತುಂಡಾಗಿ ಕಳಿಸಿದರೆ ಎರಡನೆಯ ದಿನವೇ ಯಾವುದು ಕೊನೆಯ ಮಾತು ಅಂತ ಗೊತ್ತಾಗುವುದಿಲ್ಲ. ನಮ್ಮ ಹಾಲಿನ ಆ್ಯಪ್‌ನವರು ಹೀಗೆ ಬರೆಯಬಹುದು:

> ನಮಸ್ಕಾರ. ನಾವು ಒಪ್ಪಿದ ಹನಿ ಮತ್ತು ಟಿಕ್ ಆಕಾರಕ್ಕೆ ಮೂರು ರೂಪ ಬೇಕು. ಆಕಾರ, ಗೆರೆಯ ದಪ್ಪ, ಹನಿಯ ಅಳತೆ ಮೂರರಲ್ಲೂ ಒಂದೇ ಇರಲಿ. ಹೊಸ ಐಡಿಯಾ ಬೇಡ.
>
> ಒಂದು: ಫ್ಲ್ಯಾಟ್. ಹಿನ್ನೆಲೆ #0B6E4F, ಹನಿ #FFFFFF. ಟಿಕ್ ತೂತಾಗಿರಲಿ.
>
> ಎರಡು: ಗ್ರೇಡಿಯಂಟ್. ಹಿನ್ನೆಲೆಗೆ ಮಾತ್ರ, ನೇರ, ಮೇಲೆ #2FA36B, ಕೆಳಗೆ #0B6E4F. ಹನಿ ಬಿಳಿಯೇ. ನೆರಳು, ಹೊಳಪು ಬೇಡ.
>
> ಮೂರು: ಒಂದೇ ಬಣ್ಣ. ಹಿನ್ನೆಲೆ ಇಲ್ಲ, ಹನಿ ಮಾತ್ರ.
>
> ಪ್ರತಿಯೊಂದಕ್ಕೂ ಎಸ್‌ವಿಜಿ, ಮತ್ತೆ ನೀವು ಕೆಲಸ ಮಾಡಿದ ಮೂಲ ಫೈಲ್. ಆಂಡ್ರಾಯ್ಡ್‌ಗೆ ಹನಿ ಮತ್ತು ಹಿನ್ನೆಲೆ ಬೇರೆ ಬೇರೆ, 432 ಪಿಕ್ಸೆಲ್ ಹಾಳೆ, ಹನಿ ನಡುವಿನ 264 ರ ವೃತ್ತದೊಳಗೆ, ಗ್ರೇಡಿಯಂಟ್ 72 ರಿಂದ 360 ರವರೆಗೆ. ಸ್ಟೋರ್‌ಗಳಿಗೆ 512 ಮತ್ತು 1024 ಪಿಎನ್‌ಜಿ, ಮೂಲೆ ಚೂಪು, ಪಾರದರ್ಶಕತೆ ಇಲ್ಲ.
>
> ಮೊದಲು ಫ್ಲ್ಯಾಟ್ ಮಾತ್ರ ಕಳಿಸಿ. ಅದನ್ನು ಫೋನ್‌ನಲ್ಲಿ ನೋಡಿ ಒಪ್ಪಿದ ಮೇಲೆ ಉಳಿದ ಎರಡು. ಒಟ್ಟು ಎರಡು ಸುತ್ತು ತಿದ್ದುಪಡಿ.

"ಮೊದಲು ಫ್ಲ್ಯಾಟ್ ಮಾತ್ರ" ಅನ್ನುವ ಸಾಲನ್ನು ಬಿಡಬೇಡಿ. ಮೂರೂ ಒಟ್ಟಿಗೆ ಬಂದರೆ ನಮ್ಮ ಕಣ್ಣು ಗ್ರೇಡಿಯಂಟ್ ಕಡೆಗೇ ಹೋಗುತ್ತದೆ. ಆಕಾರದಲ್ಲಿ ಇರುವ ತಪ್ಪು ಆಗ ಕಾಣುವುದಿಲ್ಲ. ಆಮೇಲೆ ಕಂಡರೆ ಮೂರರಲ್ಲೂ ತಿದ್ದಬೇಕು.

ಫೈಲ್‌ಗಳನ್ನು ಡ್ರೈವ್ ಲಿಂಕ್ ಮೂಲಕ ಅಥವಾ ಜಿಪ್ ಮಾಡಿ ಕಳಿಸಲು ಹೇಳಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದರೆ ಚಿತ್ರ ಕುಗ್ಗಿ, ಗ್ರೇಡಿಯಂಟ್‌ನಲ್ಲಿ ಪಟ್ಟಿಗಳು ಏಳುತ್ತವೆ. ಸುಮ್ನೆ ಡಿಸೈನರ್ ಮೇಲೆ ತಪ್ಪು ಹೊರಿಸುವಂತಾಗುತ್ತದೆ.

## ಹಂತ 6: ಬಂದದ್ದನ್ನು ಪರೀಕ್ಷಿಸುವುದು

ಮೊದಲು ಫೈಲ್, ಆಮೇಲೆ ಚಂದ. ಎಸ್‌ವಿಜಿ ಒಳಗೆ ಫೋಟೊ ಅಡಗಿದೆಯಾ ಅಂತ ನಿಮ್ಮ ಡೆವಲಪರ್ ಒಂದು ಸಾಲಿನಲ್ಲಿ ನೋಡಬಹುದು. ಮ್ಯಾಕ್ ಇದ್ದರೆ ಪಾರದರ್ಶಕತೆಯನ್ನೂ ಹಾಗೇ ನೋಡಬಹುದು:

```
grep -c "<image" icon-gradient.svg
sips -g hasAlpha icon-1024.png
```

ಮೊದಲನೆಯದಕ್ಕೆ `0` ಬರಬೇಕು, ಎರಡನೆಯದಕ್ಕೆ `no`. ಎರಡನೆಯದು `yes` ಆಗಿದ್ದರೆ ಆ್ಯಪ್ ಸ್ಟೋರ್ ಅಪ್‌ಲೋಡ್ ಸಮಯದಲ್ಲೇ ತಿರಸ್ಕರಿಸುತ್ತದೆ. ಅದು ಗೊತ್ತಾಗುವುದು ಸಾಮಾನ್ಯವಾಗಿ ಬಿಡುಗಡೆಯ ಹಿಂದಿನ ರಾತ್ರಿ.

ಆಮೇಲೆ ಆಂಡ್ರಾಯ್ಡ್ ಪ್ರಾಜೆಕ್ಟ್‌ಗೆ ಸೇರಿಸಿ. ಫೈಲ್ ಹೀಗಿರುತ್ತದೆ:

```xml
<adaptive-icon xmlns:android="http://schemas.android.com/apk/res/android">
    <background android:drawable="@drawable/ic_bg" />
    <foreground android:drawable="@drawable/ic_fg" />
    <monochrome android:drawable="@drawable/ic_mono" />
</adaptive-icon>
```

ಒಳಗಿನ ಮೂರು ಸಾಲು ನೋಡಿದರೆ ಮೂರು ರೂಪ ಯಾಕೆ ಕೇಳಿದೆವು ಅಂತ ಅರ್ಥವಾಗುತ್ತದೆ. `ic_bg` ಒಂದನ್ನು ಬದಲಿಸಿದರೆ ಸಾಕು, ಫ್ಲ್ಯಾಟ್ ಐಕಾನ್ ಗ್ರೇಡಿಯಂಟ್ ಆಗುತ್ತದೆ. `ic_fg` ಮುಟ್ಟುವ ಅಗತ್ಯವೇ ಬರಬಾರದು. ಬಂದರೆ ಡಿಸೈನರ್ ಹನಿಯನ್ನು ಎಲ್ಲೋ ಬದಲಿಸಿದ್ದಾರೆ ಅಂತ ಅರ್ಥ.

ಅಗ್ಗದ ಫೋನ್‌ನಲ್ಲಿ ಹಾಕಿ, ಬೇರೆ ಆ್ಯಪ್‌ಗಳ ನಡುವೆ ಇಟ್ಟು ನೋಡಿ. ಬಿಳಿ ವಾಲ್‌ಪೇಪರ್, ಕಪ್ಪು ವಾಲ್‌ಪೇಪರ್ ಎರಡರಲ್ಲೂ. ಮನೆಯೊಳಗೆ ಒಮ್ಮೆ, ಬಿಸಿಲಿನಲ್ಲಿ ಒಮ್ಮೆ. ಒಂದು ನೋಟಿಫಿಕೇಷನ್ ಕಳಿಸಿ ನೋಡುವುದನ್ನು ಮರೆಯಬೇಡಿ. ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ನಾವು ಇದನ್ನು ಬಿಟ್ಟೆವು. ಗ್ರೇಡಿಯಂಟ್ ಐಕಾನನ್ನೇ ನೋಟಿಫಿಕೇಷನ್‌ಗೂ ಕೊಟ್ಟಿದ್ದೆವು. ಬಿಡುಗಡೆಯಾದ ಮೇಲೆ ಎಲ್ಲರ ಫೋನ್‌ನಲ್ಲೂ ಬರೀ ಬಿಳಿ ಚೌಕ ಬಂತು. ಯಾವ ಆ್ಯಪ್‌ನ ಸೂಚನೆ ಅಂತ ಯಾರಿಗೂ ತಿಳಿಯಲಿಲ್ಲ. ಸರಿಪಡಿಸಿ ಅಪ್‌ಡೇಟ್ ಬಿಡುವವರೆಗೆ ನನಗೆ ಸಮಾಧಾನ ಇರಲಿಲ್ಲ.

## ಎಚ್ಚರಿಕೆಯ ಗುರುತುಗಳು ಮತ್ತು ಕಾರಣ

ಗ್ರೇಡಿಯಂಟ್‌ನಲ್ಲಿ ಅಡ್ಡ ಪಟ್ಟಿಗಳು. ಪಿಎನ್‌ಜಿಯ ಗಾತ್ರ ಇಳಿಸುವ ಹಲವು ಟೂಲ್‌ಗಳು ಬಣ್ಣಗಳ ಸಂಖ್ಯೆಯನ್ನು 256 ಕ್ಕೆ ಕಡಿಮೆ ಮಾಡುತ್ತವೆ. ಫ್ಲ್ಯಾಟ್ ರೂಪಕ್ಕೆ ಅದರಿಂದ ಏನೂ ಆಗುವುದಿಲ್ಲ, ಗ್ರೇಡಿಯಂಟ್ ಮೆಟ್ಟಿಲಾಗುತ್ತದೆ. ಕುಗ್ಗಿಸದ ಫೈಲ್ ಕೇಳಿ. ಅದರಲ್ಲೂ ಪಟ್ಟಿ ಇದ್ದರೆ ಎರಡು ಬಣ್ಣಗಳು ತುಂಬ ಹತ್ತಿರ ಇವೆ. ನಮ್ಮ ಗ್ರೇಡಿಯಂಟ್‌ನಲ್ಲಿ ಹಸಿರಿನ ಅಂಶ, 0 ಯಿಂದ 255 ರ ಅಳತೆಯಲ್ಲಿ, 163 ರಿಂದ 110 ಕ್ಕೆ, ಅಂದರೆ 53 ಮೆಟ್ಟಿಲು ಇಳಿಯುತ್ತದೆ. 1024 ಪಿಕ್ಸೆಲ್‌ನಲ್ಲಿ ಒಂದೊಂದು ಮೆಟ್ಟಿಲು ಸುಮಾರು 19 ಪಿಕ್ಸೆಲ್. ಇದು ಕಣ್ಣಿಗೆ ತಿಳಿಯುವುದಿಲ್ಲ. ಹತ್ತು ಮೆಟ್ಟಿಲಷ್ಟೇ ಇದ್ದರೆ, ಅದೂ ಗಾಢ ಬಣ್ಣದಲ್ಲಿ, ತಿಳಿಯಬಹುದು. ಆಗ ಬಣ್ಣ ದೂರ ಮಾಡಿ, ಇಲ್ಲವೇ ಸ್ವಲ್ಪ ನಾಯ್ಸ್, ಅಂದರೆ ಕಣ್ಣಿಗೆ ತಿಳಿಯದಷ್ಟು ಸಣ್ಣ ಚುಕ್ಕೆಗಳನ್ನು ಸೇರಿಸಲು ಹೇಳಿ.

ಮೂಲೆಯಲ್ಲಿ ಇನ್ನೊಂದು ಮೂಲೆ. ಡಿಸೈನರ್ ಮೂಲೆ ದುಂಡಗೆ ಮಾಡಿ ಕಳಿಸಿದ್ದಾರೆ. ಸ್ಟೋರ್ ಮತ್ತೆ ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಅಥವಾ ಕಪ್ಪು ಎಳೆ ಉಳಿಯುತ್ತದೆ.

ಗ್ರೇಡಿಯಂಟ್ ರೂಪದಲ್ಲಿ ಹನಿ ದೊಡ್ಡದಾಗಿ ಕಾಣುವುದು. ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಅರೆಪಾರದರ್ಶಕ ಮಾಡಿ ನೋಡಿ. ಅಂಚು ಎರಡಾಗಿ ಕಂಡರೆ ಆಕಾರ ಬದಲಾಗಿದೆ, ವಾಪಸ್ ಕಳಿಸಿ. ಅಂಚು ಒಂದೇ ಆಗಿದ್ದರೆ ಅದು ಹಿನ್ನೆಲೆ ಬಣ್ಣದಿಂದ ಆಗುವ ಕಣ್ಣಿನ ಭ್ರಮೆ, ಬಿಟ್ಟುಬಿಡಿ.

"ಮೂಲ ಫೈಲ್ ಕೊಡುವುದಿಲ್ಲ" ಅನ್ನುವ ಉತ್ತರ. ಇದು ಕೊನೆಯಲ್ಲಿ ಕೇಳಿದಾಗ ಬರುವ ಮಾತು. ಶುರುವಿನಲ್ಲೇ ದರದ ಜೊತೆ ಸೇರಿಸಿದ್ದರೆ ಬರುವುದಿಲ್ಲ.

## ಹಂತ 7: ತಿದ್ದುಪಡಿ, ಹಕ್ಕು, ಕೊನೆಯ ಕಂತು

ತಿದ್ದುಪಡಿ ಹೇಳುವಾಗ ಜಾಗ ತೋರಿಸಿ, ಅಳತೆ ಹೇಳಿ. "ಇನ್ನೂ ಸ್ವಲ್ಪ ಪಾಪ್ ಆಗಲಿ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಹನಿಯ ಮೇಲ್ತುದಿ ಬಿಸಿಲಿನಲ್ಲಿ ಕಾಣುತ್ತಿಲ್ಲ, ಮೇಲಿನ ಬಣ್ಣ ಇನ್ನಷ್ಟು ಗಾಢ ಮಾಡಿ" ಅಂದರೆ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ತಂಡದ ಮೂವರ ಅಭಿಪ್ರಾಯವನ್ನೂ ಕೂಡಿಸಿ ಒಬ್ಬರೇ ಕಳಿಸಿ.

ದುಡ್ಡು ಕೊಟ್ಟರೆ ಚಿತ್ರ ನಮ್ಮದು ಅಂತ ತುಂಬ ಜನ ನಂಬಿದ್ದಾರೆ. ಸಂಬಳದ ಉದ್ಯೋಗಿ ಕೆಲಸದ ಭಾಗವಾಗಿ ಬಿಡಿಸಿದ್ದರೆ ಬೇರೆ ಒಪ್ಪಂದ ಇಲ್ಲದಿದ್ದಾಗ ಅದು ಕಂಪನಿಯದ್ದು. ಆದರೆ ಹೊರಗಿನ ಫ್ರೀಲ್ಯಾನ್ಸರ್ ಬಿಡಿಸಿದ ಐಕಾನ್‌ನ ಕಾಪಿರೈಟ್ ಸಾಮಾನ್ಯವಾಗಿ ಅವರ ಹತ್ತಿರವೇ ಇರುತ್ತದೆ. 1957 ರ ಕಾಪಿರೈಟ್ ಕಾಯ್ದೆಯ 19 ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ ಕಾನೂನು ಹಿಡಿಯುತ್ತದೆ. ಆ್ಯಪ್ ದುಬೈನಲ್ಲಿ ಇರುವವರ ಫೋನ್‌ಗೂ ಹೋಗುತ್ತದೆ ಅಲ್ವಾ. ಹಾಗಾಗಿ ಒಂದು ಪುಟದ ಪತ್ರದಲ್ಲಿ ಮೂರು ರೂಪಗಳ ಚಿತ್ರ ಅಂಟಿಸಿ, "ಕಾಪಿರೈಟ್‌ನ ಪೂರ್ತಿ ಅವಧಿಗೆ, ಜಗತ್ತಿನ ಎಲ್ಲ ಕಡೆಗೆ" ಅಂತ ಬರೆಸಿ, ಮೊತ್ತ ನಮೂದಿಸಿ, ಡಿಸೈನರ್ ಸಹಿ ತೆಗೆದುಕೊಳ್ಳಿ. ಕಪ್ಪು ರೂಪ, ಫ್ಲ್ಯಾಟ್, ಗ್ರೇಡಿಯಂಟ್ ಮೂರೂ ಆ ಪುಟದಲ್ಲಿ ಕಾಣಬೇಕು.

ಸಹಿ ಮತ್ತು ಮೂಲ ಫೈಲ್ ಎರಡೂ ಕೈ ಸೇರಿದ ದಿನವೇ ಕೊನೆಯ ಕಂತು ಹಾಕಿಬಿಡಿ. ತಡ ಮಾಡಬೇಡಿ. ಮುಂದಿನ ವರ್ಷ ಹಬ್ಬಕ್ಕೆ ಕೇಸರಿ ಬಣ್ಣದ ಗ್ರೇಡಿಯಂಟ್ ಬೇಕಾದಾಗ ಹೋಗುವುದು ಅದೇ ಡಿಸೈನರ್ ಹತ್ತಿರ. ಆಗ ಬದಲಾಗಬೇಕಾದ್ದು ಹಿನ್ನೆಲೆಯ ಎರಡು ಹೆಕ್ಸ್ ಕೋಡ್ ಮಾತ್ರ.